ಅಪ್ಪಂಗೆ ಪೇಪರ್ ಓದಕ್ಕಾಗತ್ತೆ, ಪಾರಾಯಣದ ಪುಸ್ತಕ ಓದಕ್ಕಾಗಲ್ಲ – ಪವರ್ ಏರಿಸ್ಬೇಕಾ, ಭೂತಗನ್ನಡಿ ತಗೋಬೇಕಾ?

ಸುಮಾ ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪಂಗೆ 74, ರಿಟೈರ್ಡ್ ಮೇಷ್ಟ್ರು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿ ಒಳಗೆ ಲೆನ್ಸ್ ಹಾಕಿದಾರೆ, ದೂರದ್ದು ಚೆನ್ನಾಗೇ ಕಾಣತ್ತೆ, ಚೀಟೀಲಿ ಎರಡೂ ಕಣ್ಣಿಗೆ 6/9 ಅಂತ ಬರ್ದಿದಾರೆ. ಓದಕ್ಕೆ +3.00 ಕೊಟ್ಟಿದ್ರು. ಬೆಳಿಗ್ಗೆ ಜಗುಲೀಲಿ ಕೂತು ಪೇಪರ್ ಪೂರ್ತಿ ಓದ್ತಾರೆ, ಟೆಂಡರ್ ನೋಟಿಸ್ ಕೂಡ ಬಿಡಲ್ಲ. ಆದ್ರೆ ಸಂಜೆ ದೇವರ ಮನೇಲಿ ವ್ಯಾಸಪೀಠದ ಮೇಲೆ ಸಹಸ್ರನಾಮದ ಪುಸ್ತಕ ಇಟ್ಕೊಂಡು ಕೂತ್ರೆ ಒತ್ತಕ್ಷರ ಒಂದೂ ಕಾಣಲ್ಲ, ಥ ಯಾವ್ದು ಧ ಯಾವ್ದು ಗೊತ್ತಾಗಲ್ಲ ಅಂತಾರೆ. ಅಂಗೈ ಅಗಲದ ಪುಸ್ತಕ, ಅವರ ಅಪ್ಪಂದು, ದೊಡ್ಡಕ್ಷರದ್ದು ತಂದುಕೊಟ್ರೆ ಮುಟ್ಟಲ್ಲ. ಪವರ್ ಸಾಲ್ತಿಲ್ಲ ಅಂತ ತಾವೇ ಅಂಗಡಿಗೆ ಹೋಗಿ +3.50 ಮಾಡಿಸ್ಕೊಂಡು ಬಂದ್ರು, ಅದ್ರಲ್ಲಿ ಇನ್ನೂ ಮಂಜು ಅಂತೆ, ಪುಸ್ತಕ ಮೂಗಿನ ಹತ್ರ ತಂದ್ರೆ ಮಾತ್ರ ಕಾಣತ್ತಂತೆ. ಈಗ 4 ಮಾಡ್ಸು ಅಂತಿದಾರೆ. ಇಲ್ಲಾಂದ್ರೆ ಒಂದು ಒಳ್ಳೇ ಭೂತಗನ್ನಡಿ ತರಿಸ್ಲಾ? ಎಷ್ಟು ಎಕ್ಸ್ ಇರೋದು ತಗೋಬೇಕು?

ನಾಗರಾಜ ಭಟ್ ಕೆ

ಪವರ್ ಏರಿಸ್ಲೇಬೇಡಿ. ಕನ್ನಡಕದ ಪವರ್ ಏರಿಸ್ತಾ ಹೋದಷ್ಟೂ ಕಣ್ಣು ಸೋಮಾರಿ ಆಗತ್ತೆ, ಆಮೇಲೆ ಇಳಿಯಲ್ಲ. ನಮ್ಮಜ್ಜಿ 80 ದಾಟಿದ್ಮೇಲೆ ಚಾಳೀಸು ತೆಗೆದಿಟ್ಟು ಬರಿಗಣ್ಣಲ್ಲಿ ಭಾಗವತ ಓದ್ತಿದ್ರು, ಅಕ್ಕೀಲಿ ಕಲ್ಲು ಆರಿಸ್ತಿದ್ರು. ಆಗಿನೋರ ಊಟ ಹಾಗಿತ್ತು. ಇನ್ನೊಂದು, ದೇವರ ಮನೇಲಿ ಹಳದಿ ಬಲ್ಬ್ ಇದ್ರೆ ಬಿಸಾಕಿ ಬಿಳೀ ಎಲ್‌ಇಡಿ ಹಾಕಿ, ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಟೆಕ್ಕಿ ಮಂಜು

ಬ್ಲೂ ಕಟ್ ಹಾಕಿಸಿ ಮೇಡಂ. ನಂಗೂ ಸಂಜೆ ಆದ್ರೆ ಹೀಗೇ ಮಂಜಾಗ್ತಿತ್ತು, ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ನೋಡ್ತೀನಲ್ಲ. ಅಂಕಲ್ ಮೊಬೈಲ್ ಎಷ್ಟ್ ಹೊತ್ತು ನೋಡ್ತಾರೆ?

ಸುಮಾ ಶಿವಮೊಗ್ಗ

@ಮಂಜು ಅಪ್ಪಂದು ಬಟನ್ ಫೋನು ಕಣಪ್ಪ 🙂

ರೂಪಾ, ಮೈಸೂರು

ನಾನು ಆಪ್ಟೊಮೆಟ್ರಿಸ್ಟ್, ದೃಷ್ಟಿ ಕಮ್ಮಿ ಇರೋರ ವಿಭಾಗದಲ್ಲಿ ಕೆಲ್ಸ ಮಾಡೋದು. ಸುಮಾ ಅವರೇ, ಏನೂ ತರಿಸೋಕ್ ಮುಂಚೆ ಒಂದು ಟೈಲರ್ ಟೇಪ್ ತಗೊಳಿ. ಅಪ್ಪ ದೇವರ ಮನೇಲಿ ಅವರ ಪಾಡಿಗೆ ಕೂತು ಓದ್ತಿರುವಾಗ ಕಣ್ಣಿಂದ ಪುಸ್ತಕದ ಹಾಳೆಗೆ ಎಷ್ಟು ಸೆಂಟಿಮೀಟರ್ ಇದೆ ಅಂತ ಅಳೀರಿ. ಅಳೀತೀನಿ ಅಂತ ಮೊದ್ಲೇ ಹೇಳ್ಬೇಡಿ, ಹೇಳಿದ್ರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡ್ಕೊಂಡು ಬೇರೆ ಥರ ಕೂರ್ತಾರೆ. ಪೇಪರ್ ಓದುವಾಗಲೂ ಒಂದ್ಸಲ ಅಳೀರಿ. ಆಮೇಲೆ ದೇವರ ಮನೇಲಿ ದೀಪ ಎಲ್ಲಿದೆ, ಲೈಟ್ ಎಲ್ಲಿದೆ ಹೇಳಿ. ಚೀಟೀಲಿ ದೂರದ ಪವರ್ ಏನಿದೆ ಅನ್ನೋದೂ ಬೇಕು.

ಸುಮಾ ಶಿವಮೊಗ್ಗ

ಮೇಡಂ ಅಳೆದೆ. ಪೇಪರ್ 35 ಸೆಂ.ಮೀ. ಇದೆ, ವ್ಯಾಸಪೀಠ 54! ಪದ್ಮಾಸನ ಹಾಕಿ ನೆಟ್ಟಗೆ ಕೂರೋದು ಅವರು, ಬಗ್ಗಿ ಓದೋದು ಅಪಚಾರ ಅನ್ನೋ ಥರ. ಮಡಿ ಅಂತ ಪುಸ್ತಕ ಕೈಗೆ ಎತ್ಕೊಳಲ್ಲ. ದೂರದ ಪವರ್ ಬಲಗಣ್ಣಿಗೆ ಏನೂ ಇಲ್ಲ, ಎಡಗಣ್ಣಿಗೆ ಸಿಲಿಂಡರ್ -1.00 ಇದೆ. ಲೈಟು ಚಾವಣೀಲಿ ಒಂದು 9 ವ್ಯಾಟ್ ಬಲ್ಬು, ಅವರ ತಲೆ ಹಿಂದುಗಡೆಗೆ ಬರತ್ತೆ. ಎದುರಿಗೆ ಎರಡು ಎಣ್ಣೆ ದೀಪ, ಫೋಟೋ ಸುತ್ತ ಸೀರಿಯಲ್ ಸೆಟ್.

ರೂಪಾ, ಮೈಸೂರು

54 ಅಂದ್ರೆ ಉತ್ತರ ಅಲ್ಲೇ ಇದೆ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ತಂದೆ ಕಣ್ಣೊಳಗೆ ಇರೋದು ಸಾದಾ ಲೆನ್ಸ್ ಅಂತ ಕಾಣತ್ತೆ, ದೂರಕ್ಕೆ ಸೆಟ್ ಮಾಡಿರೋದು. ಅದಕ್ಕೆ ಹತ್ರದ್ದು ನೋಡೋಕೆ ತಾನಾಗಿ ಉಬ್ಬೋ ಶಕ್ತಿ ಇಲ್ಲ. ಹಾಗಾಗಿ ಓದೋ ದೂರ ಎಷ್ಟು ಅಂತ ಪೂರ್ತಿ ತೀರ್ಮಾನ ಮಾಡೋದು ಕನ್ನಡಕವೇ. ಲೆಕ್ಕ ಸುಲಭ, 100ನ್ನ ಪವರಿಂದ ಭಾಗಿಸಿ. +3.00 ಅಂದ್ರೆ 33 ಸೆಂ.ಮೀ., ಅದಕ್ಕೇ ಪೇಪರು ಸಲೀಸು. +3.50 ಅಂದ್ರೆ 28 ಚಿಲ್ಲರೆ. +4 ಮಾಡಿಸಿದ್ರೆ 25. ಅಂದ್ರೆ ಅವರು ಪವರ್ ಏರಿಸಿದಷ್ಟೂ ಕಾಣೋ ಜಾಗ ಅವರ ಮೂಗಿನ ಕಡೆ ಬರ್ತಾ ಇದೆ, ಪುಸ್ತಕ ಮಾತ್ರ 54ರಲ್ಲೇ ಕೂತಿದೆ. ಅಲ್ಲಿಗೆ ಬೇಕಿರೋದು +1.75 ಇಂದ +2.00. ಪವರ್ ಕಮ್ಮಿ ಮಾಡ್ಬೇಕು, ಜಾಸ್ತಿ ಅಲ್ಲ. ಅಂಗಡಿಯಲ್ಲಿ ಯಾರಾದ್ರೂ ಎಲ್ಲಿಟ್ಕೊಂಡು ಓದ್ತೀರಾ ಅಂತ ಕೇಳಿದ್ರೆ ಈ +3.50 ಮಾಡ್ತಾನೇ ಇರ್ಲಿಲ್ಲ. ಆದ್ರೆ ಚಾರ್ಟನ್ನ ಕೈಗೆ ಕೊಟ್ಟು ಓದಿ ಅಂತಾರೆ, ಕೈಯಲ್ಲಿದ್ದಾಗ ಯಾರಾದ್ರೂ ತಮಗೆ ಕಾಣೋ ದೂರಕ್ಕೆ ತಂದ್ಕೊಂಡು ಓದೇ ಓದ್ತಾರೆ.

ಇದನ್ನ ಮನೇಲೇ ಪರೀಕ್ಷೆ ಮಾಡ್ಬೋದು. ರೆಡಿಮೇಡ್ +2.00 ಯಾರದ್ದಾದ್ರೂ ಇದ್ರೆ ಅವರಿಗೆ ಹಾಕಿ, ಪುಸ್ತಕ ವ್ಯಾಸಪೀಠದ ಮೇಲೆ ಇಡಿ. ಅಕ್ಷರದ ಅಂಚು ಚೂಪಾಗಿ ಕಾಣ್ಬೇಕು. ಎಡಗಣ್ಣಲ್ಲಿ ಸಿಲಿಂಡರ್ ಇರೋದ್ರಿಂದ ರೆಡಿಮೇಡಲ್ಲಿ ಆ ಕಣ್ಣು ಸ್ವಲ್ಪ ಎಳೆದ ಹಾಗೆ ಕಾಣತ್ತೆ, ಪರೀಕ್ಷೆಗೆ ಪರವಾಗಿಲ್ಲ, ಕೊನೆಗೆ ಮಾಡಿಸೋದಕ್ಕೆ ಸಿಲಿಂಡರ್ ಸೇರಿಸಿಯೇ ಮಾಡಿಸಿ.

ಇನ್ನೊಂದು ವಿಷ್ಯ ಮುಚ್ಚಿಡಲ್ಲ. 54ರಲ್ಲಿ ಚೂಪಾಗಿ ಕಂಡ್ರೂ ಅಕ್ಷರ ಚಿಕ್ಕದಾಗೇ ಕಾಣತ್ತೆ, 33ರಲ್ಲಿ ಕಾಣೋದ್ರ ಹತ್ರಹತ್ರ 60 ಪರ್ಸೆಂಟ್ ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಥ ಒಳಗಿನ ಚುಕ್ಕೆ, ಧ ಕೆಳಗಿನ ಸೀಳು ಅದಕ್ಕಿಂತ ಚಿಕ್ಕದು. ಮಾಮೂಲಿ ಗದ್ಯ ಆದ್ರೆ ಅಂದಾಜಲ್ಲಿ ಓದ್ಕೊಂಡು ಹೋಗ್ತೀವಿ, ಸಂಸ್ಕೃತ ಸಮಾಸದಲ್ಲಿ ಅಂದಾಜು ನಡೆಯಲ್ಲ. ಅದಕ್ಕೆ ಕನ್ನಡಕ ಸರಿ ಆದ್ಮೇಲೂ ಆ ಪುಸ್ತಕ ಅವರಿಗೆ ಕಷ್ಟ ಆಗ್ಬೋದು. ಮೊದ್ಲು ಕನ್ನಡಕ, ಆಮೇಲೆ ಬೆಳಕು ಸರಿ ಮಾಡಿ ನೋಡಿ, ಭೂತಗನ್ನಡಿ ಮಾತು ಆಮೇಲೆ.

ನಾಗರಾಜ ಭಟ್ ಕೆ

ಹಾಗಾದ್ರೆ ನಮ್ಮಜ್ಜಿ ಹೇಗೆ ಓದ್ತಿದ್ರು ಮೇಡಂ? ಅದು ಸುಳ್ಳಾ?

ರೂಪಾ, ಮೈಸೂರು

ಸುಳ್ಳಲ್ಲ ಭಟ್ರೇ, ನಾವು ದಿನಾ ನೋಡ್ತೀವಿ. ಎರಡು ಕಾರಣ ಇರ್ಬೋದು. ಮೊದಲಿಂದ್ಲೂ ಮೈನಸ್ ಎರಡೂವರೆ ಹತ್ರ ಇದ್ದೋರಿಗೆ 40 ಸೆಂ.ಮೀ.ಲಿ ಬರಿಗಣ್ಣೇ ಚೆನ್ನಾಗಿ ಕಾಣತ್ತೆ, ದೂರದ್ದು ಮಾತ್ರ ಕಾಣಲ್ಲ, ಆಗಿನ ಕಾಲದಲ್ಲಿ ಬಸ್ ಬೋರ್ಡ್ ಓದೋ ಗರಜು ಅಜ್ಜಿಗೆ ಇರ್ಲಿಲ್ಲ ಅಷ್ಟೆ. ಇಲ್ಲಾಂದ್ರೆ ಕಣ್ಣಿನ ಮಧ್ಯದಲ್ಲಿ ಗಟ್ಟಿಯಾಗಿ ಬರೋ ಪೊರೆ. ಅದು ಕಣ್ಣನ್ನ ಮೈನಸ್ ಕಡೆ ಎಳೆಯತ್ತೆ, ಓದೋ ಕನ್ನಡಕ ಇದ್ದಕ್ಕಿದ್ದಂತೆ ಬೇಡ ಅನ್ಸತ್ತೆ. ನಿಮ್ಮಜ್ಜಿ ಚಾಳೀಸು ತೆಗೆದಿಟ್ಟಿದ್ದು 80 ಆದ್ಮೇಲೆ ಅಂದ್ರಲ್ಲ, ನಂಗೆ ಎರಡನೇದೇ ಇರ್ಬೇಕು ಅನ್ಸತ್ತೆ. ಹಾಗೆ ಆಗಿರೋರು ಮನೇಲಿ ಇದ್ರೆ ಖುಷಿ ಪಡೋ ಬದಲು ತೋರಿಸ್ಕೊಂಡು ಬನ್ನಿ.

ಮತ್ತೆ ಕಣ್ಣು ಸೋಮಾರಿ ಆಗತ್ತೆ ಅನ್ನೋದು, 45ರಿಂದ ಹತ್ತಿಪ್ಪತ್ತು ವರ್ಷ ರೀಡಿಂಗ್ ಪವರ್ ಏರೋದು ವಯಸ್ಸಿನಿಂದ, ಕನ್ನಡಕದಿಂದಲ್ಲ, ಹಾಕ್ಕೊಂಡ್ರೂ ಏರತ್ತೆ ಬಿಟ್ರೂ ಏರತ್ತೆ. ಆದ್ರೆ ನೀವು "ಸುಮ್ಮನೆ ಏರಿಸ್ಬೇಡಿ" ಅಂದಿದ್ದು ಸರಿ, ಕಾರಣ ಬೇರೆ ಅಷ್ಟೆ. ಪವರ್ ಏರಿದಷ್ಟೂ ಸ್ಪಷ್ಟ ಕಾಣೋ ಪಟ್ಟಿ ಕಿರಿದಾಗತ್ತೆ, ಪುಸ್ತಕ ಒಂದೆರಡು ಇಂಚು ಆಚೀಚೆ ಹೋದ್ರೆ ಮಂಜು.

ಬಸು ಹುಬ್ಬಳ್ಳಿ

ಅಕ್ಕಾರ, ನಮ್ಮಪ್ಪಂದು ಕೇಸ್ ಬ್ಯಾರೆ ಐತ್ರಿ. ಕಣ್ಣಿನ ಹಿಂದ ಪರದೆ ಕೆಟ್ಟೈತಿ ಅಂದಾರ, ಚಲೋ ಇದ್ದ ಕಣ್ಣಾಗೂ 6/36 ಅಷ್ಟ. ವಚನದ ಪುಸ್ತಕ ಓದಾಕ ಆಗವಲ್ದು ಅಂತ ದಿನಾ ಒದ್ದಾಡ್ತಾರ. ಬಜಾರದಾಗ ಫುಟ್‌ಪಾತ್ ಮ್ಯಾಲೆ 10 ಎಕ್ಸ್ ಅಂತ ಬರದಿದ್ದ ದೊಡ್ಡ ಭೂತಗನ್ನಡಿ ತಂದೆ, ತಟ್ಟಿ ಅಷ್ಟ ಅಗಲ ಐತಿ. ಏನೂ ಉಪಯೋಗ ಆಗ್ಲಿಲ್ಲ. 10 ಪಟ್ಟು ದೊಡ್ಡದು ಮಾಡಿದ್ರೂ ಕಾಣವಲ್ದು ಅಂದ್ರ ಇನ್ನ ಮುಗೀತು ಅಂತ ಅವರು ಕೈ ಚೆಲ್ಲ್ಯಾರ.

ರೂಪಾ, ಮೈಸೂರು

ಬಸು ಅವರೇ, ಅದು 10 ಪಟ್ಟು ಅಲ್ವೇ ಅಲ್ಲ, ತಂದೆಗೆ ಮೊದ್ಲು ಅದನ್ನ ಹೇಳಿ. ಅಷ್ಟು ಅಗಲದ ಗಾಜಿಗೆ ಅಷ್ಟು ಪವರ್ ಕೊಡಕ್ಕಾಗಲ್ಲ, ನಿಜವಾದ 10 ಎಕ್ಸ್ ಲೆನ್ಸ್ ಒಂದು ರೂಪಾಯಿ ನಾಣ್ಯದ ಆಸುಪಾಸು ಅಗಲ ಇರತ್ತೆ. ಹೀಗೆ ಚೆಕ್ ಮಾಡಿ. ಹಗಲು ಹೊತ್ತು ರೂಮಲ್ಲಿ ಕಿಟಕಿ ಎದುರಿನ ಗೋಡೆ ಹತ್ರ ನಿಂತು ಗೋಡೆ ಮುಂದೆ ಲೆನ್ಸ್ ಹಿಡೀರಿ, ಹಿಂದೆ ಮುಂದೆ ಮಾಡಿ, ಒಂದು ಕಡೆ ಕಿಟಕಿ ಹೊರಗಿನ ಮರ, ಮನೆ ತಲೆಕೆಳಗಾಗಿ ಗೋಡೆ ಮೇಲೆ ಚೂಪಾಗಿ ಮೂಡತ್ತೆ. ಆಗ ಲೆನ್ಸಿಂದ ಗೋಡೆಗೆ ಎಷ್ಟು ಸೆಂ.ಮೀ. ಅಂತ ಅಳೆದು 100ನ್ನ ಅದ್ರಿಂದ ಭಾಗಿಸಿ, ಅದೇ ಪವರು. ಅದನ್ನ 4ರಿಂದ ಭಾಗಿಸಿದ್ರೆ ನಮ್ಮ ಲೆಕ್ಕದ ಎಕ್ಸ್. ಬಿಸಿಲಿಗೆ ಹಿಡಿದು ನೋಡ್ಬೇಡಿ, ಬೆಂಕಿ ಹತ್ತತ್ತೆ.

ಬಸು ಹುಬ್ಬಳ್ಳಿ

ನೋಡಿದ್ನಿ ಅಕ್ಕಾ. 20 ಸೆಂ.ಮೀ. ಬಂತು. ಅಂದ್ರ 5 ಪವರ್, ಒಂದೂಕಾಲು ಎಕ್ಸ್?! ಹತ್ತು ಅಂತ ಕೊಟ್ಟಾನಲ್ಲ ಮಗ.

ರೂಪಾ, ಮೈಸೂರು

ಕೆಲವು ಕಂಪನಿ ಆ ಲೆಕ್ಕಕ್ಕೆ ಒಂದು ಕೂಡಿಸಿ ಬರೀತಾರೆ, ಆಗ ಎರಡೂಕಾಲು ಆಗತ್ತೆ. ಹೇಗೆ ಬರೆದ್ರೂ ಹತ್ತು ಆಗಲ್ಲ. ಅದಕ್ಕೇ ಎಕ್ಸ್ ನೋಡಿ ಕೊಳ್ಬೇಡಿ, ಪವರ್ ಕೇಳಿ ಅಂತ ನಾವು ಹೇಳೋದು.

ನಿಮ್ಮ ತಂದೆಗೆ ಎಷ್ಟು ಬೇಕು ಅನ್ನೋದಕ್ಕೆ ಒಂದು ಹಳೇ ಅಂದಾಜಿದೆ. 6/36ನ್ನ ತಿರುಗಿಸಿ, 36ನ್ನ 6ರಿಂದ ಭಾಗಿಸಿ, 6 ಬಂತಲ್ಲ, ಅಲ್ಲಿಂದ ಶುರು ಮಾಡಿ ನೋಡ್ಬೋದು. +6 ಅಂದ್ರೆ ಪುಸ್ತಕ 16–17 ಸೆಂ.ಮೀ. ದೂರದಲ್ಲಿ. ಇದು ಆರಂಭ ಅಷ್ಟೇ. ಪರದೆ ತೊಂದ್ರೆ ಇರೋರಿಗೆ ಇನ್ನೂ ಜಾಸ್ತಿ ಬೇಕಾಗತ್ತೆ, ಯಾಕಂದ್ರೆ ಕಷ್ಟಪಟ್ಟು ಒಂದಕ್ಷರ ಗುರುತಿಸೋದು ಬೇರೆ, ನಿರಾಯಾಸ ಓದೋದು ಬೇರೆ. ಸರಾಗ ಓದಕ್ಕೆ, ಕಷ್ಟಪಟ್ಟು ಕಾಣೋ ಅಕ್ಷರಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದಾಗಿ ಕಾಣ್ಬೇಕು. ಎರಡೂ ಕಣ್ಣು ಒಟ್ಟಿಗೆ ಬಳಸೋ ಹಾಗಿದ್ರೆ ಅಷ್ಟು ಹತ್ರಕ್ಕೆ ಕಣ್ಣು ಒಳಗೆ ತಿರುಗಿಸೋ ಆಯಾಸ ತಪ್ಪಿಸಕ್ಕೆ ಪ್ರಿಸಂ ಸೇರಿಸಿದ ಅರ್ಧ ಕನ್ನಡಕ ಬರತ್ತೆ. ಇದನ್ನ ಮಾತ್ರ ಅಂಗಡೀಲಿ ಅಂದಾಜಿಗೆ ಮಾಡಿಸ್ಬೇಡಿ, ಲೋ ವಿಷನ್ ವಿಭಾಗ ಇರೋ ಕಣ್ಣಾಸ್ಪತ್ರೇಲಿ ಕೂರಿಸಿ ಅವರದ್ದೇ ವಚನದ ಪುಸ್ತಕ ಕೈಗೆ ಕೊಟ್ಟು ನೋಡ್ಬೇಕು.

ಆ ಫುಟ್‌ಪಾತ್ ಗನ್ನಡಿ ಬಿಸಾಕ್ಬೇಡಿ. ತಂದೆ ಅದನ್ನ ಹೇಗೆ ಹಿಡೀತಾರೆ?

ಬಸು ಹುಬ್ಬಳ್ಳಿ

ಓದೂ ಚಷ್ಮಾ ಹಾಕ್ಕೊಂಡ, ಗನ್ನಡಿ ಪುಸ್ತಕದ ಮ್ಯಾಲೆ ಹಿಡಿದು, ತಾವು ದೂರ ಸರದು ಕೈ ಚಾಚಿ ನೋಡ್ತಾರ.

ರೂಪಾ, ಮೈಸೂರು

ಅದೇ ಎಲ್ಲರೂ ಮಾಡೋದು. ಪುಸ್ತಕದ ಮೇಲೆ ಇಟ್ಟು ನಿಧಾನ ಎತ್ತುತ್ತಾ ಹೋಗಿ, ನಿಮ್ಮದು 20 ಸೆಂ.ಮೀ. ಹತ್ರ ಬಂದಾಗ ಅಕ್ಷರ ಪೂರ್ತಿ ದೊಡ್ಡದಾಗತ್ತೆ, ಅದಕ್ಕಿಂತ ಮೇಲೆತ್ತಿದ್ರೆ ಕಲಸಿ ಹೋಗತ್ತೆ. ಆ ಜಾಗದಲ್ಲಿ ಲೆನ್ಸಿಂದ ಹೊರಗೆ ಬರೋ ಬೆಳಕು ದೂರದಿಂದ ಬಂದ ಹಾಗೇ ಇರತ್ತೆ, ಅದಕ್ಕೆ ಆಗ ದೂರದ ಕನ್ನಡಕ ಹಾಕ್ಕೋಬೇಕು, ಓದೋದು ಹಾಕ್ಕೊಂಡು ಕೈ ಚಾಚಿದ್ರೆ ಮಂಜೇ ಕಾಣೋದು. ಮುಖವನ್ನ ಲೆನ್ಸಿನ ಹತ್ರ ತನ್ನಿ, ಪುಸ್ತಕದ ಹತ್ರ ಅಲ್ಲ. ಹತ್ರ ಬಂದಷ್ಟೂ ಒಂದೇ ಸಲಕ್ಕೆ ಜಾಸ್ತಿ ಅಕ್ಷರ ಕಾಣತ್ತೆ. ಪುಸ್ತಕದ ಮೇಲೇ ಕೂರೋ ಗುಮ್ಮಟದ ಥರದ ಗಾಜು ಇದೆಯಲ್ಲ, ಅದಕ್ಕೆ ಮಾತ್ರ ಓದೋ ಕನ್ನಡಕ ಬೇಕು.

ಐವನ್ ಕುಡ್ಲ

ನಮ್ಮ ಅಮ್ಮನಿಗೆ ಬೈಬಲ್‌ನದ್ದೇ ಸಮಸ್ಯೆ ಉಂಟು ಮಾರ್ರೆ. ಕಾಗದ ಎಷ್ಟು ತೆಳು ಅಂದ್ರೆ ಹಿಂದಿನ ಪುಟದ ಅಕ್ಷರ ಈಚೆ ಕಾಣ್ತದೆ, ಲೈಟ್ ಜಾಸ್ತಿ ಮಾಡಿದ್ರೆ ಇನ್ನೂ ಜಾಸ್ತಿ. ಚರ್ಚ್‌ನಲ್ಲಿ ಒಬ್ಬರು ಸಿಸ್ಟರ್ ಹೇಳಿಕೊಟ್ಟದ್ದು, ಓದುವ ಹಾಳೆಯ ಅಡಿಗೆ ಒಂದು ಕಪ್ಪು ಕಾಗದ ಇಡುವುದು. ಈಗ ಹಿಂದಿನದ್ದು ಕಾಣುವುದೇ ಇಲ್ಲ. ಅದೇ ಕಪ್ಪು ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಉದ್ದ ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟು ಸರಿಸಿಕೊಂಡು ಓದ್ತಾರೆ, ಸಾಲು ತಪ್ಪುವುದಿಲ್ಲ.

ರೂಪಾ, ಮೈಸೂರು

ಐವನ್, ಆ ಕಿಂಡಿ ರಟ್ಟು ನಾವೂ ಕೊಡ್ತೀವಿ. ಸುತ್ತಲಿನ ಬಿಳಿ ಹಾಳೆಯ ಬೆಳಕು ಕಣ್ಣಿಗೆ ಹೊಡೆಯೋದೂ ತಪ್ಪತ್ತೆ, ಸಾಲೂ ತಪ್ಪಲ್ಲ. ನುಣುಪು ಕಾಗದಕ್ಕೂ ಆಗತ್ತೆ.

ಸುಮಾ ಶಿವಮೊಗ್ಗ

ನಮ್ಮ ದೇವರ ಮನೆ ಲೈಟ್ ಬಗ್ಗೆ ಹೇಳ್ಳೇ ಇಲ್ಲ ಮೇಡಂ. ಬಲ್ಬ್ 9 ವ್ಯಾಟಿಂದ 20 ಮಾಡಿದ್ರೆ ಸಾಕಾ?

ರೂಪಾ, ಮೈಸೂರು

ವ್ಯಾಟ್ ಏರಿಸೋದು ಕೊನೇ ಮಾತು, ಮೊದ್ಲು ಹತ್ರ ತನ್ನಿ. ಬಲ್ಬಿನ ದೂರ ಅರ್ಧ ಆದ್ರೆ ಹಾಳೆ ಮೇಲೆ ಬೀಳೋ ಬೆಳಕು ನಾಲ್ಕು ಪಟ್ಟು ಆಗತ್ತೆ. ನಿಮ್ಮ ಚಾವಣಿ ಬಲ್ಬ್ ಪುಸ್ತಕದಿಂದ ಎರಡೂವರೆ ಮೀಟರ್ ಇದೆ ಅಂತಿಟ್ಕೊಳ್ಳಿ, ಅದೇ ಬಲ್ಬನ್ನ ಅರ್ಧ ಮೀಟರಿಗೆ ತಂದ್ರೆ 25 ಪಟ್ಟು. 20 ವ್ಯಾಟ್ ಹಾಕಿದ್ರೆ ಎರಡು ಪಟ್ಟು ಚಿಲ್ಲರೆ ಅಷ್ಟೇ, ಅದೂ ಅವರ ತಲೆಯ ನೆರಳು ಪುಸ್ತಕದ ಮೇಲೇ ಬೀಳ್ತಿದೆ. 60 ದಾಟಿದ ಕಣ್ಣಲ್ಲಿ ಪಾಪೆಯ ಕಿಂಡಿ ಚಿಕ್ಕದಾಗಿರತ್ತೆ, ಬೆಳಕು ಒಳಗೆ ಹೋಗೋದೇ ಕಮ್ಮಿ. ಪೊರೆ ತೆಗ್ಸಿ ಹೊಸ ಲೆನ್ಸ್ ಹಾಕಿದ್ರಿಂದ ಹಳೇ ಲೆನ್ಸಿನ ಹಳದಿ ಹೋಯ್ತು, ಕಿಂಡಿ ಮಾತ್ರ ದೊಡ್ಡದಾಗಲ್ಲ.

ಎರಡನೇದು ಎದುರಿನ ದೀಪಗಳು. ಅವು ಪುಸ್ತಕಕ್ಕೆ ಬೆಳಕು ಕೊಡ್ತಿಲ್ಲ, ಕಣ್ಣಿಗೆ ಕೊಡ್ತಿವೆ. ಎಣ್ಣೆ ದೀಪ ತೆಗೀರಿ ಅಂತ ನಾನು ಹೇಳಲ್ಲ, ಪಕ್ಕಕ್ಕೆ ಸರಿಸಕ್ಕಾದ್ರೆ ಸರಿಸಿ, ಸೀರಿಯಲ್ ಸೆಟ್ ಓದೋ ಹೊತ್ತಿಗೆ ಆರಿಸಿ. ಕ್ಲಿಪ್ ಹಾಕೋ ಥರದ ಟೇಬಲ್ ಲ್ಯಾಂಪ್ ಎಡ ಪಕ್ಕದಲ್ಲಿ ಭುಜದ ಎತ್ತರಕ್ಕೆ ಇಟ್ಟು ಹಾಳೆ ಕಡೆ ತಿರುಗಿಸಿ, ಬಲ್ಬು ಅವರ ಕಣ್ಣಿಗೆ ನೇರ ಕಾಣ್ಬಾರ್ದು.

ನಾಗರಾಜ ಭಟ್ ಕೆ

ಬಿಳೀ ಬಲ್ಬೇ ತಾನೇ?

ರೂಪಾ, ಮೈಸೂರು

ಅವರಿಗೇ ಎರಡೂ ಹಾಕಿ ತೋರಿಸಿ. ಬೆಳಕು ಸಾಕಷ್ಟಿದ್ರೆ ಬಣ್ಣದಿಂದ ದೊಡ್ಡ ವ್ಯತ್ಯಾಸ ನಾನು ಕಂಡಿಲ್ಲ. ಕೆಲವರಿಗೆ ಬಿಳೀದು ಕಣ್ಣು ಕುಕ್ಕತ್ತೆ.

ನಾಗರಾಜ ಭಟ್ ಕೆ

ಒಪ್ಪಲ್ಲ, ನಮ್ಮನೇಲಿ ಬಿಳಿ ಹಾಕಿದ್ಮೇಲೇ ಪಂಚಾಂಗ ಕಾಣಕ್ಕೆ ಶುರುವಾಗಿದ್ದು. ಇರ್ಲಿ.

ಸುಮಾ ಶಿವಮೊಗ್ಗ

ಅಪ್ಡೇಟ್. ಪಕ್ಕದ್ಮನೆ ಆಂಟಿ +2.00 ಹಾಕಿಸಿ ಕೂರಿಸ್ದೆ, ಕ್ಲಿಪ್ ಲ್ಯಾಂಪೂ ಹಾಕ್ದೆ. "ಅಂಚು ಕಾಣ್ತಿದೆ, ಅಕ್ಷರ ಸಣ್ಣ" ಅಂದ್ರು. ಥ ಧ ಗೊತ್ತಾಗತ್ತಂತೆ, ಕೆಲವು ಒತ್ತು ಇನ್ನೂ ಇಲ್ಲ. ಲೆನ್ಸ್ ಹಿಡ್ಕೊಂಡು ಓದ್ಬೇಕು ಅಂದ್ರೆ ಒಂದು ಕೈ ಜಪಮಣಿಗೆ ಬೇಕು ಅಂತಾರೆ. ಹೊಸ ಪುಸ್ತಕ ಬೇಡ್ವೇ ಬೇಡ.

ರೂಪಾ, ಮೈಸೂರು

ಹಾಗಾದ್ರೆ ಅದೇ ಪುಸ್ತಕವನ್ನ ಜೆರಾಕ್ಸ್ ಮಾಡಿಸಿ, ಅಂಗಡೀಲಿ 141 ಪರ್ಸೆಂಟ್ ಅಂತ ಹೇಳಿ. ಎ4 ಹಾಳೆ ಎ3 ಆಗೋ ಅಳತೆ ಅದು. 8 ಪಾಯಿಂಟ್ ಅಕ್ಷರ 11 ಆಗತ್ತೆ. ಸಾಲದಿದ್ರೆ 200 ಮಾಡಿಸಿ, ಅದು ಅಜ್ಜನ ಪುಸ್ತಕದ್ದೇ ಪುಟ, ಅದೇ ಸಾಲು ಅದೇ ಜಾಗದಲ್ಲಿರತ್ತೆ, ಅಭ್ಯಾಸ ತಪ್ಪಲ್ಲ. ಹಳೇ ಕಾಗದ ಹಳದಿ ಆಗಿದ್ರೆ ಕಾಂಟ್ರಾಸ್ಟ್ ಏರಿಸೋಕೆ ಹೇಳಿ, ಹಿನ್ನೆಲೆ ಬೆಳ್ಳಗಾಗತ್ತೆ. ಆದ್ರೆ ತುಂಬಾ ಏರಿಸಿದ್ರೆ ತೆಳು ಗೆರೆಗಳು ಹಾರಿ ಹೋಗತ್ತೆ, ಒಂದು ಪುಟ ಮೊದ್ಲು ತೆಗೆಸಿ ನೋಡಿ. ಕನ್ನಡಕ ಎರಡು ಇಟ್ಕೊಳ್ಳೋದು ಒಳ್ಳೇದು, ಪೇಪರಿಗೆ ಈಗಿರೋ +3.00, ಪಾರಾಯಣಕ್ಕೆ +2.00. +3.50 ಕಪಾಟಲ್ಲಿರ್ಲಿ, ಮಾತ್ರೆ ಪಟ್ಟಿ ಮೇಲಿನ ಎಕ್ಸ್‌ಪೈರಿ ಡೇಟ್ ಓದಕ್ಕೆ ಬರತ್ತೆ.

ವಿಜಯಲಕ್ಷ್ಮಿ ಎಂ

ಎರಡು ಯಾಕೆ, ಪ್ರೋಗ್ರೆಸಿವ್ ಹಾಕಿಸಿದ್ರೆ ಎಲ್ಲಾ ದೂರನೂ ಒಂದ್ರಲ್ಲೇ ಬರಲ್ವಾ? ನಾನು ಹಾಕ್ತೀನಿ, ಚೆನ್ನಾಗಿದೆ.

ರೂಪಾ, ಮೈಸೂರು

ಬರತ್ತೆ, ನಿಮಗೆ ಅಭ್ಯಾಸ ಆಗಿದ್ರೆ ಬದಲಾಯಿಸ್ಬೇಡಿ. ಆದ್ರೆ ಅದ್ರಲ್ಲಿ 54 ಸೆಂ.ಮೀ. ಪವರ್ ಇರೋದು ಮಧ್ಯದ ಸಣ್ಣ ಪಟ್ಟೀಲಿ, ಸಾಲಿನುದ್ದಕ್ಕೂ ತಲೆ ತಿರುಗಿಸ್ಬೇಕು, ಗದ್ದ ಎತ್ತಬೇಕು. ಒಂದು ಗಂಟೆ ಪಾರಾಯಣಕ್ಕೆ ಕತ್ತು ನೋಯತ್ತೆ. ಹೊಸದಾಗಿ 74ಕ್ಕೆ ಶುರು ಮಾಡೋರಿಗೆ ಮೆಟ್ಟಿಲು ಇಳಿಯುವಾಗ ಭಯ ಬೇರೆ. ನಾನಾದ್ರೆ ಕೊಡಲ್ಲ, ಕೊಡೋ ಸಹೋದ್ಯೋಗಿಗಳೂ ಇದಾರೆ.

ವಿಜಯಲಕ್ಷ್ಮಿ ಎಂ

ಸರಿ. ನಮ್ಮತ್ತೆ ವಿಷ್ಯ ಒಂದು ಕೇಳ್ಬೋದಾ, ಅವರಿಗೂ ಪೊರೆ ಆಪರೇಷನ್ ಆಗಿ ಮೂರ್ನಾಕು ವರ್ಷ. ಮೊದ್ಲು ಪೇಪರ್ ಚೆನ್ನಾಗಿ ಓದ್ತಿದ್ರು, ಈಗ ಯಾವ ದೂರಕ್ಕೆ ಹಿಡಿದ್ರೂ ಮಂಜು, ಟಿವೀನೂ ಮಂಜು, ರಾತ್ರಿ ಗಾಡಿ ಲೈಟ್ ಸುತ್ತ ಕೂದಲು ಬಿಚ್ಚಿದ ಹಾಗೆ ಕಾಣತ್ತಂತೆ. ಇದಕ್ಕೆ ಎಷ್ಟು ಪವರ್ ಏರಿಸ್ಬೇಕು?

ರೂಪಾ, ಮೈಸೂರು

ಇದು ಪವರ್ ವಿಷ್ಯ ಇರೋ ಹಾಗಿಲ್ಲ. ರೀಡಿಂಗ್ ಪವರ್ ತಪ್ಪಿದ್ರೆ ಪುಸ್ತಕ ಹಿಂದೆ ಮುಂದೆ ಮಾಡುವಾಗ ಒಂದು ಕಡೆನಾದ್ರೂ ಚೂಪಾಗತ್ತೆ. ಎಲ್ಲೂ ಆಗಲ್ಲ, ದೂರದ್ದೂ ಮಂಜು ಅಂದ್ರೆ, ಹಾಕಿದ ಲೆನ್ಸ್ ಹಿಂದಿನ ತೆಳು ಪೊರೆ ಮಸುಕಾಗಿರ್ಬೋದು. ಆಪರೇಷನ್ ಆಗಿ ಕೆಲವು ವರ್ಷಕ್ಕೆ ಬರೋದು ಸಾಮಾನ್ಯ, ಹೊರರೋಗಿ ವಿಭಾಗದಲ್ಲೇ ಲೇಸರಿಂದ ಕಿಂಡಿ ಮಾಡ್ತಾರೆ. ಡಾಕ್ಟ್ರು ಪಾಪೆ ಹಿಗ್ಗಿಸಿ ನೋಡಿ ಹೇಳ್ಬೇಕು, ಬೇರೆ ಕಾರಣನೂ ಇರ್ಬೋದು. ಒಂದೊಂದೇ ಕಣ್ಣು ಮುಚ್ಚಿ ಪೇಪರಿನ ಕಾಲಂ ಮಧ್ಯದ ಗೆರೆ ನೋಡಕ್ಕೆ ಹೇಳಿ. ಗೆರೆ ಸೊಟ್ಟ ಕಂಡ್ರೆ, ಅಥವಾ ಪದದ ಮಧ್ಯದ ಅಕ್ಷರ ಮಾಯ ಆದ್ರೆ, ಅಪಾಯಿಂಟ್ಮೆಂಟ್ ಕಾಯ್ಬೇಡಿ, ಅದೇ ವಾರ ಪರದೆ ನೋಡೋ ಡಾಕ್ಟ್ರ ಹತ್ರ ಹೋಗಿ.

ಬಸು ಹುಬ್ಬಳ್ಳಿ

ನಮ್ಮಪ್ಪಗ ಮೊದ್ಲ ಹಂಗ ಆಗಿತ್ತ್ರಿ, ಬಾಗಿಲ ಚೌಕಟ್ಟು ಡೊಂಕ ಕಾಣತೈತಿ ಅಂತಿದ್ರು, ಬಡಗಿ ಸರಿ ಮಾಡಿಲ್ಲ ಅಂತ ನಾವು ತಿಳ್ಕೊಂಡ್ವಿ. ವಿಜಯಕ್ಕಾರ, ತಡ ಮಾಡಬ್ಯಾಡ್ರಿ.

ವಿಜಯಲಕ್ಷ್ಮಿ ಎಂ

ಈಗಷ್ಟೇ ನೋಡಿಸ್ದೆ, ಗೆರೆ ನೆಟ್ಟಗಿದೆ ಅಂತಾರೆ ಎರಡೂ ಕಣ್ಣಲ್ಲಿ. ಸೋಮವಾರ ಕರ್ಕೊಂಡ್ ಹೋಗ್ತೀನಿ.

ಸುಮಾ ಶಿವಮೊಗ್ಗ

ಜೆರಾಕ್ಸ್‌ಗೆ ಪುಸ್ತಕ ಹೊರಗೆ ಕೊಡಲ್ಲ ಅಂತ ಅಪ್ಪ, ಅಂಗಡಿಯೋರು ಎಲ್ಲಿಟ್ಟಿರ್ತಾರೋ ಏನೋ ಅಂತೆ. ಮನೇಲೇ ಫೋನಲ್ಲಿ ಫೋಟೋ ತೆಗ್ದು ದೊಡ್ಡದು ಪ್ರಿಂಟ್ ಹಾಕಿಸಿದ್ರೆ ಆಗತ್ತಾ, ಅಕ್ಷರ ಒಡೆಯಲ್ವಾ?

ಟೆಕ್ಕಿ ಮಂಜು

ಇದಕ್ಕೆ ನಾನು ಹೇಳ್ಬಲ್ಲೆ 😀 ಫೋಟೋ ಅಲ್ಲ, ಸ್ಕ್ಯಾನ್ ಆಪ್‌ನಲ್ಲಿ ತೆಗೀರಿ, ಹಗಲು ಕಿಟಕಿ ಹತ್ರ, ಫ್ಲಾಶ್ ಆಫ್, ಒಂದೊಂದೇ ಪುಟ ಫ್ರೇಮ್ ತುಂಬಾ. ಚಿಕ್ಕ ಪುಸ್ತಕ ಅಲ್ವಾ, ಈಗಿನ ಕ್ಯಾಮೆರಾಗೆ ಎರಡು ಪಟ್ಟು ಪ್ರಿಂಟ್ ಹಾಕಿದ್ರೂ ಒಡೆಯಲ್ಲ. ಪುಟ ತಿರುಗಿಸೋಕೆ ಅಂಕಲನ್ನೇ ಕೂರಿಸ್ಕೊಳ್ಳಿ, ಮಡಿ ಪ್ರಶ್ನೆ ಬರಲ್ಲ.